ಪಾಲುದಾರಿಕೆಯಿಂದ ನಿವೃತ್ತಿ: ಮೂರು ತಿಂಗಳ ನೋಟಿಸ್ ಮತ್ತು ವ್ಯವಹಾರದ ಹಸ್ತಾಂತರ

ದಿನಾಂಕ: 1 ಜೂನ್ 2026
ವಿಷಯ: ಪಾಲುದಾರಿಕೆ ಪತ್ರದ 14ನೇ ಕಲಮಿನಂತೆ ನಿವೃತ್ತಿಯ ನೋಟಿಸ್

ಮಾನ್ಯ ಬಸವರಾಜಣ್ಣನವರಿಗೆ ನಮಸ್ಕಾರಗಳು.

ಕಳೆದ ಗುರುವಾರ ಅಂಗಡಿ ಮುಚ್ಚಿದ ಮೇಲೆ ನಿಮ್ಮೆದುರು ಹೇಳಿದ್ದನ್ನು ಈಗ ಬರಹದಲ್ಲಿ ತಿಳಿಸುತ್ತಿದ್ದೇನೆ. 2014ರ ಏಪ್ರಿಲ್ 1ರಂದು ನಾವಿಬ್ಬರೂ ಸಹಿ ಮಾಡಿದ ಪಾಲುದಾರಿಕೆ ಪತ್ರದಂತೆ, ಬ್ಯಾಡಗಿಯ ನಮ್ಮ ಮೆಣಸಿನಕಾಯಿ ದಲಾಲಿ ಫರ್ಮಿನಿಂದ ನಿವೃತ್ತನಾಗಲು ಮೂರು ತಿಂಗಳ ನೋಟಿಸ್ ನೀಡುತ್ತಿದ್ದೇನೆ. ಇದರ ಅವಧಿ ಇಂದಿನಿಂದ ಆರಂಭವಾಗಿ ಆಗಸ್ಟ್ 31ಕ್ಕೆ ಮುಗಿಯುತ್ತದೆ. ಸಹಿ ಮಾಡಿದ ಪ್ರತಿಯನ್ನು ನಿಮ್ಮ ಮನೆಯ ವಿಳಾಸಕ್ಕೆ ಸ್ಪೀಡ್ ಪೋಸ್ಟ್‌ನಲ್ಲಿಯೂ ಕಳಿಸಿದ್ದೇನೆ.

ಕಾರಣ ನಿಮಗೆ ಗೊತ್ತಿರುವುದೇ. ಪಾರ್ಶ್ವವಾಯುವಿನ ನಂತರ ತಂದೆಯವರು ಹಾಸಿಗೆ ಬಿಟ್ಟು ಏಳಲಾರರು. ಅವರ ಜೊತೆ ನಾನು ಧಾರವಾಡದಲ್ಲೇ ಇರಬೇಕಾಗಿದೆ. ವಾರಕ್ಕೆ ಎರಡು ದಿನ ಬಂದು ಹೋಗುತ್ತ ಪೇಟೆಯ ಕೆಲಸ ಮಾಡುವುದು ನಿಮಗೂ ರೈತರಿಗೂ ಅನ್ಯಾಯ. ನಿಮ್ಮ ನಡವಳಿಕೆಯ ಬಗ್ಗೆಯಾಗಲಿ, ಲೆಕ್ಕದ ಬಗ್ಗೆಯಾಗಲಿ ನನಗೆ ಯಾವ ಅಸಮಾಧಾನವೂ ಇಲ್ಲ.

ಒಂದು ವಿಷಯವನ್ನು ನಾವು ಬೇಗ ತೀರ್ಮಾನಿಸಬೇಕು. ಫರ್ಮಿನಲ್ಲಿ ಇರುವುದು ನಾವಿಬ್ಬರೇ ಆದ್ದರಿಂದ, ನಾನು ಹೊರಬಂದ ದಿನ ಇನ್ನೊಬ್ಬ ಪಾಲುದಾರರು ಇಲ್ಲದಿದ್ದರೆ ಫರ್ಮೇ ವಿಸರ್ಜನೆಯಾಗುತ್ತದೆ. ಆಗ ನೀವು ಹೊಸ ಜಿಎಸ್‌ಟಿ ನೋಂದಣಿ, ಎಪಿಎಂಸಿ ಲೈಸೆನ್ಸ್ ಮತ್ತು ಬ್ಯಾಂಕ್ ಖಾತೆಗಳಿಗಾಗಿ ಓಡಾಡಬೇಕಾಗುತ್ತದೆ. ನಿಮ್ಮ ಮಗನನ್ನು ಜುಲೈ ತಿಂಗಳಲ್ಲೇ ಪಾಲುದಾರನಾಗಿ ಸೇರಿಸಿಕೊಂಡರೆ ಇದೆಲ್ಲ ತಪ್ಪುತ್ತದೆ. ಆತ ಎರಡು ಹಂಗಾಮು ನಮ್ಮೊಡನೆ ಕೆಲಸ ಮಾಡಿದ್ದಾನೆ. ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ, ಬೀಜದ ಸದ್ದಿನಿಂದಲೇ ಒಣಗಿದೆಯೋ ಇಲ್ಲವೋ ಎಂದು ಹೇಳುವಷ್ಟು ಕಲಿತಿದ್ದಾನೆ. ಸೇರ್ಪಡೆ ಪತ್ರಕ್ಕೆ ನಾನು ಸಂತೋಷದಿಂದ ಸಹಿ ಮಾಡುತ್ತೇನೆ.

ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ರೈತರ ಬಾಕಿ. ಇಂದಿನ ಲೆಕ್ಕಕ್ಕೆ ಕೋಲ್ಡ್ ಸ್ಟೋರೇಜಿನಲ್ಲಿ ನಮ್ಮ ಮೂಲಕ ಇಟ್ಟಿರುವ 612 ಚೀಲಗಳಿವೆ. ಅವು ಒಳ್ಳೆಯ ದರಕ್ಕಾಗಿ ಕಾಯುತ್ತಿರುವ 43 ರೈತರವು. ಅವರಲ್ಲಿ 17 ಮಂದಿ ಮುಂಗಡ ತೆಗೆದುಕೊಂಡಿದ್ದಾರೆ. ಡಬ್ಬಿ ಎಷ್ಟು, ಕಡ್ಡಿ ಎಷ್ಟು, ಯಾವ ರಸೀದಿ ಯಾರ ಹೆಸರಿನದು, ಯಾರಿಗೆ ಎಷ್ಟು ಮುಂಗಡ ಹೋಗಿದೆ ಎಂಬುದನ್ನೆಲ್ಲ ಹೆಸರುವಾರು ಬರೆದು ಜೂನ್ 20ರೊಳಗೆ ಒಪ್ಪಿಸುತ್ತೇನೆ. ಕುಂದಗೋಳ ಮತ್ತು ಶಿಗ್ಗಾವಿ ಕಡೆಯ ಕೆಲವರ ಮುಂಗಡ ನನ್ನ ಬಾಯಿಮಾತಿನ ಮೇಲೆ ಹೋಗಿದ್ದು, ಪುಸ್ತಕದಲ್ಲಿ ಮೊತ್ತ ಮಾತ್ರ ಇದೆ, ಕರಾರು ಇಲ್ಲ. ಆ ಊರುಗಳಿಗೆ ಜುಲೈನಲ್ಲಿ ನಾವಿಬ್ಬರೂ ಒಟ್ಟಿಗೆ ಹೋಗಿ, ಇನ್ನು ಮುಂದೆ ವ್ಯವಹಾರ ನಿಮ್ಮೊಡನೆ ಎಂದು ಅವರ ಮನೆಯ ಕಟ್ಟೆಯ ಮೇಲೇ ಕುಳಿತು ಹೇಳಿ ಬರೋಣ. ನನ್ನ ಪಾಲಿನ ಹಣ ತಡವಾದರೂ ಚಿಂತೆಯಿಲ್ಲ, ಚೀಲ ಮಾರಿದ ರೈತರ ಪಟ್ಟಿಯ ಹಣ ಒಂದು ದಿನವೂ ನಿಲ್ಲಬಾರದು.

ಆಗಸ್ಟ್ 31ರವರೆಗಿನ ಲೆಕ್ಕವನ್ನು ನಮ್ಮ ಆಡಿಟರ್ ಮುಗಿಸಲಿ. ಈಗಿನ ಅಂದಾಜಿನಂತೆ ನನ್ನ ಬಂಡವಾಳ ಮತ್ತು ಲಾಭದ ಪಾಲು ಸೇರಿ 18 ಲಕ್ಷ ರೂಪಾಯಿ ಆಗಬಹುದು. ಅಂತಿಮ ಮೊತ್ತ ಎಷ್ಟೇ ಇರಲಿ, ಸೆಪ್ಟೆಂಬರ್, ಡಿಸೆಂಬರ್ ಮತ್ತು ಮುಂದಿನ ಮಾರ್ಚ್ ಕೊನೆಗೆ ಮೂರು ಸಮ ಕಂತುಗಳಲ್ಲಿ ಕೊಟ್ಟರೆ ಸಾಕು. ಲೆಕ್ಕ ತೀರುವವರೆಗೆ ಶೇಕಡಾ 6ರ ಬಡ್ಡಿ ಕೇಳಲು 1932ರ ಪಾಲುದಾರಿಕೆ ಕಾಯ್ದೆ ಅವಕಾಶ ಕೊಟ್ಟಿದ್ದರೂ, ಈ ಕಂತುಗಳು ನಡೆದರೆ ನನಗೆ ಅದು ಬೇಡ.

ನಮ್ಮದು ನೋಂದಾಯಿತ ಫರ್ಮಾದ್ದರಿಂದ ರಿಜಿಸ್ಟ್ರಾರ್ ಅವರಿಗೆ ತಿಳಿಸುವುದರ ಜೊತೆಗೆ ರಾಜ್ಯಪತ್ರದಲ್ಲಿಯೂ ಜಿಲ್ಲೆಯಲ್ಲಿ ಓದುವ ಒಂದು ಕನ್ನಡ ಪತ್ರಿಕೆಯಲ್ಲಿಯೂ ಸಾರ್ವಜನಿಕ ಪ್ರಕಟಣೆ ಕೊಡಬೇಕು. ಅದು ಆಗುವವರೆಗೆ ಹೊರಗಿನವರ ಮುಂದೆ ನಮ್ಮಿಬ್ಬರ ಹೊಣೆಯೂ ಮುಂದುವರಿಯುತ್ತದೆ. ಕರಡನ್ನು ನಾನೇ ಬರೆಸಿ, ಖರ್ಚನ್ನೂ ಭರಿಸುತ್ತೇನೆ. ಆಗಸ್ಟ್ 31ರ ನಂತರ ಯಾವ ಚೆಕ್ಕಿಗೂ ನಾನು ಸಹಿ ಮಾಡುವುದಿಲ್ಲ. ಬ್ಯಾಂಕಿನಲ್ಲಿ ಸಹಿ ಬದಲಿಸುವ ಅರ್ಜಿಯನ್ನು ಅದಕ್ಕೆ ಮೊದಲೇ ಕೊಡೋಣ.

ಹಳೆಯ ಪರಿಚಯದಿಂದ ನನಗೆ ಫೋನ್ ಮಾಡುವ ರೈತರನ್ನೂ ಖರೀದಿದಾರರನ್ನೂ ನಿಮ್ಮ ಬಳಿಗೇ ಕಳಿಸುತ್ತೇನೆ. ಫರ್ಮಿನ ಹೆಸರನ್ನು ಬಳಸುವುದಾಗಲಿ, ಅದರ ಗಿರಾಕಿಗಳನ್ನು ಬೇರೆಡೆ ಸೆಳೆಯುವುದಾಗಲಿ ನನ್ನಿಂದ ಆಗದು. ಜನವರಿಯಲ್ಲಿ ಹೊಸ ಕಾಯಿ ಬರುವಾಗ ಟೆಂಡರ್ ದಿನಗಳಲ್ಲಿ ಸಹಾಯ ಬೇಕೆನಿಸಿದರೆ ನಾಲ್ಕೈದು ವಾರ ಸಂಭಾವನೆಯಿಲ್ಲದೆ ಬಂದು ನಿಲ್ಲುತ್ತೇನೆ.

ಹನ್ನೆರಡು ವರ್ಷ ನನ್ನನ್ನು ತಮ್ಮನಂತೆ ನಡೆಸಿಕೊಂಡಿದ್ದೀರಿ. ಮೊದಲ ಹಂಗಾಮಿನಲ್ಲಿ ಹಠಾತ್ತನೆ ಮಳೆ ಸುರಿದಾಗ ನಿಮ್ಮ ಮನೆಯ ಜಮಖಾನೆಗಳನ್ನೂ ತಂದು ರೈತರ ಚೀಲಗಳ ಮೇಲೆ ಹೊದಿಸಿದ್ದು ಇಂದಿಗೂ ನನ್ನ ಕಣ್ಣ ಮುಂದಿದೆ.

ಈ ವ್ಯವಸ್ಥೆ ಒಪ್ಪಿಗೆಯೇ, ಎಲ್ಲಿ ಬದಲಾವಣೆ ಬೇಕು ಎಂಬುದನ್ನು ಜೂನ್ 10ರೊಳಗೆ ಇದೇ ಇಮೇಲ್‌ಗೆ ಉತ್ತರಿಸಿ ತಿಳಿಸಬೇಕೆಂದು ಕೋರುತ್ತೇನೆ. ಜೂನ್ 13ರ ಶನಿವಾರ ಬೆಳಿಗ್ಗೆ ಹತ್ತಕ್ಕೆ ಆಡಿಟರ್ ಕಚೇರಿಯಲ್ಲಿ ಕೂರಲು ನನಗೆ ಅನುಕೂಲವಿದೆ. ಮುಂಗಡದ ಪುಸ್ತಕ ಮತ್ತು ಕೋಲ್ಡ್ ಸ್ಟೋರೇಜ್ ರಸೀದಿಗಳನ್ನು ತರುತ್ತೇನೆ.

ಗೌರವಪೂರ್ವಕ ವಂದನೆಗಳೊಂದಿಗೆ,
ಮಲ್ಲಿಕಾರ್ಜುನ