ವಿಮರ್ಶಕರು 2 ಅವರ ಟಿಪ್ಪಣಿಗಳಿಗೆ ಲೇಖಕರ ಉತ್ತರ

ಹಸ್ತಪ್ರತಿ: ನಾಲ್ಕನೇ ತರಗತಿ ಮಕ್ಕಳ ಒತ್ತಕ್ಷರ ಓದು: ಹತ್ತು ವಾರಗಳ ಕಾರ್ಡ್ ಅಭ್ಯಾಸ

ಮಾನ್ಯ ಸಂಪಾದಕರಿಗೆ,

ಟಿಪ್ಪಣಿಗಳನ್ನು ಮೊದಲ ಸಲ ಓದಿದಾಗ ಸ್ವಲ್ಪ ಬೇಸರವಾಯಿತು. ಲೆಕ್ಕ ಮತ್ತೆ ಮಾಡಿ ನೋಡಿದ ಮೇಲೆ, ಹೆಚ್ಚಿನ ಕಡೆ ವಿಮರ್ಶಕರ ಮಾತೇ ಸರಿ ಎನಿಸಿತು. ಒಂದು ಅಂಶದಲ್ಲಿ ಮಾತ್ರ ನಮ್ಮ ಅಭಿಪ್ರಾಯ ಬೇರೆ.

1. "ಪಿ ಮೌಲ್ಯ ಮಾತ್ರ ಇದೆ. ಎಫೆಕ್ಟ್ ಸೈಜ್ ಎಲ್ಲೂ ಇಲ್ಲ."

ಒಪ್ಪುತ್ತೇವೆ. 0.003 ಎಂದು ಬರೆದು ಮುಂದಕ್ಕೆ ಹೋಗಿಬಿಟ್ಟಿದ್ದೆವು. ಎಷ್ಟು ವ್ಯತ್ಯಾಸವಾಯಿತು ಎಂದು ಹೇಳಿರಲೇ ಇಲ್ಲ. ಈಗ ಕೋಷ್ಟಕ 2ರಲ್ಲಿ ಎರಡೂ ಗುಂಪಿನ ಸರಾಸರಿ, ಎಸ್‌ಡಿ, ಮಕ್ಕಳ ಸಂಖ್ಯೆ ಕೊಟ್ಟಿದ್ದೇವೆ. ಅಭ್ಯಾಸದ ನಂತರ ಒಂದು ನಿಮಿಷದಲ್ಲಿ ಸರಿಯಾಗಿ ಓದಿದ ಒತ್ತಕ್ಷರದ ಪದಗಳು: ಕಾರ್ಡ್ ಗುಂಪಿನಲ್ಲಿ 31.4 (ಎಸ್‌ಡಿ 10.8, 104 ಮಕ್ಕಳು), ಮಾಮೂಲಿ ಪಾಠದ ಗುಂಪಿನಲ್ಲಿ 26.9 (ಎಸ್‌ಡಿ 11.2, 99 ಮಕ್ಕಳು). ಹೆಡ್ಜಸ್ ಜಿ 0.41. ಆದರೆ ಈ ಸಂಖ್ಯೆಯನ್ನೇ ಕೊನೆಯ ಮಾತು ಎಂದು ಮುಂದಿಡುತ್ತಿಲ್ಲ. ಯಾಕೆಂದು ಮುಂದಿನ ಅಂಶದಲ್ಲಿದೆ.

2. "ಮಕ್ಕಳು ಶಾಲೆಗಳ ಒಳಗಿದ್ದಾರೆ. ಸಾದಾ ಟಿ-ಟೆಸ್ಟ್ ಸಾಲದು. ಪೂರ್ವ ಪರೀಕ್ಷೆಯ ಅಂಕಗಳನ್ನೂ ಬಳಸಿಲ್ಲ."

ನಮ್ಮ ದೊಡ್ಡ ತಪ್ಪು ಇದೇ. ಚೀಟಿ ಎತ್ತಿ ಗುಂಪು ಮಾಡಿದ್ದು 12 ಶಾಲೆಗಳನ್ನು. ಲೆಕ್ಕ ಹಾಕಿದ್ದು ಮಾತ್ರ 203 ಮಕ್ಕಳನ್ನು ಒಬ್ಬೊಬ್ಬರಾಗಿ ಆರಿಸಿದ ಹಾಗೆ. ಒಂದೇ ಮೇಷ್ಟ್ರ ಕೈಯಲ್ಲಿ ಕಲಿತ ಮಕ್ಕಳ ಓದು ಒಂದೇ ತರ ಇರುತ್ತದೆ ಅಲ್ವಾ? ಒಂದು ಶಾಲೆಯಲ್ಲಿ ಮುಕ್ಕಾಲು ಪಾಲು ಮಕ್ಕಳು 'ರಾಷ್ಟ್ರ'ವನ್ನು 'ರಾಷ್ಟ' ಎಂದೇ ಓದಿದರು. ಪಕ್ಕದೂರಿನಲ್ಲಿ ಹಾಗೆ ಓದಿದ್ದು ಇಬ್ಬರೇ. ಇದನ್ನು ಕಣ್ಣಾರೆ ಕಂಡೂ ಲೆಕ್ಕದಲ್ಲಿ ಸೇರಿಸಿರಲಿಲ್ಲ. ಈಗ ಈ ಮಾದರಿ ಬಳಸಿದ್ದೇವೆ:

```
lmer(post ~ pre + group + (1 | school), data = d)
```

ಶಾಲೆಗಳು ಬರೀ 12 ಇರುವುದರಿಂದ ಕೆನ್ವರ್ಡ್-ರೋಜರ್ ತಿದ್ದುಪಡಿ ಮಾಡಿದ್ದೇವೆ. ಕಾರ್ಡ್ ಗುಂಪು ಶುರುವಿನಲ್ಲೇ ಸ್ವಲ್ಪ ಮುಂದಿತ್ತು: 22.1, ಇನ್ನೊಂದು 20.9. ಅದನ್ನು ಸರಿದೂಗಿಸಿದಾಗ ವ್ಯತ್ಯಾಸ 4.5 ಪದದಿಂದ 3.6ಕ್ಕೆ ಇಳಿಯಿತು. 95% ಕಾನ್ಫಿಡೆನ್ಸ್ ಇಂಟರ್ವಲ್ 0.2ರಿಂದ 7.0, ಪಿ 0.042. ಎಸ್‌ಡಿ ಲೆಕ್ಕದಲ್ಲಿ ಹೇಳುವುದಾದರೆ 0.33 (0.02ರಿಂದ 0.64). ಅಂದರೆ ಪರಿಣಾಮ ತೀರಾ ಚಿಕ್ಕದೂ ಇರಬಹುದು, ಸಾಕಷ್ಟು ದೊಡ್ಡದೂ ಇರಬಹುದು. ಸಾರಾಂಶದಲ್ಲಿ "ಗಣನೀಯ ಸುಧಾರಣೆ" ಎಂದಿದ್ದನ್ನು ತೆಗೆದುಹಾಕಿದ್ದೇವೆ.

0.33 ಸಣ್ಣದೋ ಮಧ್ಯಮವೋ ಎಂದು ಹಣೆಪಟ್ಟಿ ಹಚ್ಚಿಲ್ಲ. ಬದಲಿಗೆ ಒಂದು ಹೋಲಿಕೆ ಕೊಟ್ಟಿದ್ದೇವೆ. ಮಾಮೂಲಿ ಪಾಠದ ಗುಂಪು ಹತ್ತು ವಾರದಲ್ಲಿ 6 ಪದ ಮುಂದೆ ಹೋಯಿತು. ಆ ಲೆಕ್ಕದಲ್ಲಿ 3.6 ಪದ ಎಂದರೆ ಸುಮಾರು ಆರು ವಾರದ ಕಲಿಕೆ. ಎರಡು ಸಲವೂ ಪದಪಟ್ಟಿ ಅದೇ ಇದ್ದುದರಿಂದ ಪರಿಚಯದ ಲಾಭವೂ ಆ 6 ಪದದಲ್ಲಿ ಸೇರಿರಬಹುದು ಎಂದೂ ಬರೆದಿದ್ದೇವೆ.

3. "ನಾಲ್ಕು ಅಳತೆ, ನಾಲ್ಕು ಪರೀಕ್ಷೆ. ತಿದ್ದುಪಡಿ ಇಲ್ಲ."

ಒತ್ತಕ್ಷರದ ಪದಗಳ ಓದೇ ಮುಖ್ಯ ಅಳತೆ ಎಂದು ಕೆಲಸ ಶುರುವಾಗುವ ಮೊದಲೇ ಯೋಜನಾ ಪತ್ರದಲ್ಲಿ ಬರೆದಿದ್ದೆವು. ಆ ಪುಟವನ್ನು ಲಗತ್ತಿಸಿದ್ದೇವೆ. ಉಳಿದ ಮೂರಕ್ಕೆ, ಅಂದರೆ ಸರಳ ಪದ, ಉಕ್ತಲೇಖನ, ಅರ್ಥಗ್ರಹಿಕೆಗೆ ಹೋಮ್ ತಿದ್ದುಪಡಿ ಮಾಡಿದಾಗ ಒಂದೂ 0.05ರ ಕೆಳಗೆ ಉಳಿಯಲಿಲ್ಲ. ಅರ್ಥಗ್ರಹಿಕೆಯೂ ಹೆಚ್ಚಿತು ಎಂಬ ಮಾತನ್ನು ವಾಪಸ್ ಪಡೆದಿದ್ದೇವೆ. ನಮಗೆ ತುಂಬಾ ಇಷ್ಟವಾಗಿದ್ದ ವಾಕ್ಯ ಅದು.

4. "ಅಧ್ಯಯನ ಮುಗಿದ ಮೇಲಿನ ಪವರ್ ಲೆಕ್ಕ ಕೊಡಿ."

ಇಲ್ಲಿ ಮಾತ್ರ ವಿನಯದಿಂದ ಒಪ್ಪುತ್ತಿಲ್ಲ. ಸಿಕ್ಕ ಪರಿಣಾಮವನ್ನೇ ಹಿಡಿದು ಪವರ್ ಲೆಕ್ಕ ಹಾಕಿದರೆ, ಅದು ಪಿ ಮೌಲ್ಯವನ್ನೇ ಬೇರೆ ವೇಷದಲ್ಲಿ ಹೇಳಿದಂತೆ. ಪಿ 0.05ರ ಹತ್ತಿರ ಇದ್ದರೆ ಪವರ್ 50%ರ ಆಸುಪಾಸು ಬಂದೇ ಬರುತ್ತದೆ. ಹೊಸದೇನೂ ತಿಳಿಯುವುದಿಲ್ಲ. ನಮ್ಮ ಅಂದಾಜು ಎಷ್ಟು ಸಡಿಲ ಎಂಬುದನ್ನು ಮೇಲಿನ ಇಂಟರ್ವಲ್ಲೇ ತೋರಿಸುತ್ತದೆ. 12 ಶಾಲೆ ಕಡಿಮೆಯಾಯಿತು ಎಂದು ಮಿತಿಗಳ ಭಾಗದಲ್ಲಿ ನೇರವಾಗಿ ಹೇಳಿದ್ದೇವೆ.

5. "214 ಮಕ್ಕಳು 203 ಹೇಗಾದರು?"

ಕೊನೆಯ ಪರೀಕ್ಷೆಯ ದಿನ 11 ಮಕ್ಕಳು ಬಂದಿರಲಿಲ್ಲ. ಕಾರ್ಡ್ ಗುಂಪಿನವರು 5, ಇನ್ನೊಂದರವರು 6. ವಿಧಾನದ ಭಾಗದಲ್ಲಿ ಸೇರಿಸಿದ್ದೇವೆ.

ಯಾರೂ ಕೇಳದ ಒಂದು ವಿಷಯವನ್ನೂ ಹೇಳಬೇಕು. ಕಡತ ಮತ್ತೆ ತೆರೆದಾಗ ಕಾರ್ಡ್ ಗುಂಪಿನ ಒಬ್ಬ ಹುಡುಗನ ಅಂಕ 63 ಎಂದಿತ್ತು. ಪಟ್ಟಿಯಲ್ಲಿ ಇದ್ದದ್ದೇ 60 ಪದ! ಉತ್ತರ ಹಾಳೆ ಹುಡುಕಿ ನೋಡಿದರೆ 36. ಟೈಪ್ ಮಾಡುವಾಗ ಅಂಕಿ ತಿರುಗಿಬಿಟ್ಟಿತ್ತು. ಗುಂಪಿನ ಸರಾಸರಿ 31.7 ಇದ್ದದ್ದು 31.4 ಆಗಿದ್ದು ಇದರಿಂದಲೇ. ಆಮೇಲೆ ಎಲ್ಲಾ ಹಾಳೆಗಳನ್ನೂ ಇಬ್ಬರು ಕೂತು ತಾಳೆ ನೋಡಿದೆವು. ಬೇರೆ ತಪ್ಪು ಸಿಗಲಿಲ್ಲ. ಹೆಸರು ತೆಗೆದ ಕಡತ ಮತ್ತು ಕೋಡ್ ಎರಡನ್ನೂ ಈ ಉತ್ತರದ ಜೊತೆ ಕಳಿಸಿದ್ದೇವೆ.

ವಂದನೆಗಳೊಂದಿಗೆ,
ಲೇಖಕರು