ಮೇಡಂ, ಬಿಡುವಾದಾಗ ಓದಿ

ಮೇಡಂ, ನಮಸ್ಕಾರ. ಇದು ಯಾವ ಟಿಕೆಟ್‌ಗೂ ಸಂಬಂಧಿಸಿದ್ದಲ್ಲ, ಅವಸರವೂ ಇಲ್ಲ. ಕೈಯಲ್ಲಿರುವ ಕೆಲಸ ಮುಗಿಸಿಕೊಂಡು ನಿಧಾನವಾಗಿ ಓದಿ. ಎದುರಿಗೇ ಕೇಳೋಣವೆಂದು ಈ ವಾರ ಎರಡು ಸಲ ನಿಮ್ಮ ಟೇಬಲ್‌ವರೆಗೆ ಬಂದೆ. ಎರಡು ಸಲವೂ ನೀವು ಫೋನಿನಲ್ಲಿದ್ದಿರಿ.

ಕಳೆದ ತಿಂಗಳು ದಿನದ ವರದಿಯ ಪುಟ ತೆರೆದುಕೊಳ್ಳಲು 40 ಸೆಕೆಂಡು ಹಿಡಿಯುತ್ತಿತ್ತಲ್ಲ, ನೆನಪಿದೆಯೇ? ನಾನು ಎರಡು ದಿನ ಅದರ ಬೆನ್ನು ಬಿದ್ದಿದ್ದೆ. ಇಂಡೆಕ್ಸ್ ಇಲ್ಲವೇನೋ ಎಂದು ನೋಡಿದರೆ ಇತ್ತು. ಸರ್ವರ್ ಮೇಲೆ ಅನುಮಾನ ಬಂತು, ಮೆಮೊರಿ ಹೆಚ್ಚಿಸಿ ಎಂದು ಕೇಳಿದೆ. ಕೊನೆಗೆ ಕ್ಯಾಶ್ ಹಾಕಿಬಿಡೋಣ ಎಂದು ಅರ್ಧ ಕೋಡ್ ಬರೆದೂ ಆಗಿತ್ತು. ನೀವು ಬಂದು ಕುರ್ಚಿ ಎಳೆದುಕೊಂಡು ಕುಳಿತಿರಿ, ಆದರೆ ಕೀಬೋರ್ಡ್ ಮುಟ್ಟಲಿಲ್ಲ. "ಡೇಟಾಬೇಸ್ ಎಷ್ಟು ಸಾಲು ಓದುತ್ತಿದೆ, ನೋಡಿದೆಯಾ?" ಎಂದಷ್ಟೇ ಕೇಳಿದಿರಿ. ನಾನು ನೋಡಿರಲಿಲ್ಲ. ನನ್ನ ಕೈಯಲ್ಲೇ EXPLAIN ಹಾಕಿಸಿದಿರಿ. ಒಂದು ದಿನದ ಲೆಕ್ಕಕ್ಕಾಗಿ ಅದು ಇಡೀ ಟೇಬಲನ್ನೇ ಓದುತ್ತಿತ್ತು. ಕಾರಣ ಈ ಒಂದು ಸಾಲು:

```sql
WHERE DATE(created_at) = '2025-03-10'
```

ಇಂಡೆಕ್ಸ್ ಇರುವುದು created_at ಮೇಲೆ. ನಾನು ಅದನ್ನು DATE() ಒಳಗೆ ಹಾಕಿ ಕೇಳುತ್ತಿದ್ದೆ. ಹಾಗಾಗಿ ಇದ್ದ ಇಂಡೆಕ್ಸ್ ಪ್ರಯೋಜನಕ್ಕೆ ಬರುತ್ತಿರಲಿಲ್ಲ. ನೀವು ಹೇಳಿದಂತೆ ಬದಲಾಯಿಸಿದೆ:

```sql
WHERE created_at >= '2025-03-10'
  AND created_at <  '2025-03-11'
```

ಒಂದು ಸೆಕೆಂಡಿನೊಳಗೆ ಪುಟ ತೆರೆದುಕೊಂಡಿತು. ಆ ತಿದ್ದುಪಡಿ ಹುಡುಕಿದರೆ ಎಲ್ಲಿಯಾದರೂ ಸಿಗುತ್ತದೆ ಮೇಡಂ. ನನ್ನ ಮನಸ್ಸಿನಲ್ಲಿ ಉಳಿದದ್ದು ನಿಮ್ಮ ಆ ಮೊದಲ ಪ್ರಶ್ನೆ. ಎರಡು ದಿನ ನಾನು ಪರಿಹಾರಗಳನ್ನೇ ಒಂದರ ಮೇಲೊಂದು ಪ್ರಯತ್ನಿಸುತ್ತಿದ್ದೆ. ಏನಾಗುತ್ತಿದೆ ಎಂದು ನೋಡಿಯೇ ಇರಲಿಲ್ಲ. ಅಂದಿನಿಂದ ಯಾವುದೇ ದೋಷ ಕೈಗೆ ಬಂದರೂ ನೋಟ್‌ಬುಕ್ಕಿನ ಎಡಗಡೆ "ಕಣ್ಣಾರೆ ನೋಡಿದ್ದು", ಬಲಗಡೆ "ಊಹೆ" ಎಂದು ಬರೆದುಕೊಂಡು ಶುರುಮಾಡುತ್ತೇನೆ. ಬಲಗಡೆಯೇ ಮೊದಲು ತುಂಬುತ್ತದೆ. ಅದನ್ನು ಎಡಕ್ಕೆ ತರುವುದು ಹೇಗೆ ಎನ್ನುವಲ್ಲಿ ನಾನು ನಿಂತುಬಿಡುತ್ತೇನೆ.

ಅದಕ್ಕೇ ಕೇಳುತ್ತಿದ್ದೇನೆ: ಸ್ವಲ್ಪ ಕಾಲ ನನಗೆ ಮೆಂಟರ್ ಆಗಿ ಇರಲು ಒಪ್ಪುತ್ತೀರಾ?

"ಸಂದೇಹ ಬಂದಾಗ ಯಾವಾಗ ಬೇಕಾದರೂ ಕೇಳು" ಎಂದು ನೀವು ಎಂದಿನಂತೆ ಹೇಳುತ್ತೀರಿ ಎಂದು ಗೊತ್ತು. ಹಾಗೆ ಆಗಾಗ ಬಂದು ನಿಮ್ಮ ಕೆಲಸ ಕೆಡಿಸುವುದಕ್ಕಿಂತ ಒಂದು ಗೊತ್ತಾದ ಸಮಯವಿದ್ದರೆ ಇಬ್ಬರಿಗೂ ಒಳ್ಳೆಯದು ಎಂದು ನನ್ನ ಭಾವನೆ. ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ, ಮೂರು ತಿಂಗಳು. ಅಂದರೆ ಒಟ್ಟು ಆರು ಸಲ. ಹಿಂದಿನ ದಿನ ಸಂಜೆಯೊಳಗೆ ನಾನು ಒಂದೇ ಒಂದು ಸಮಸ್ಯೆಯನ್ನು ಅರ್ಧ ಪುಟದಲ್ಲಿ ಬರೆದು ಕಳುಹಿಸುತ್ತೇನೆ: ಏನು ನೋಡಿದೆ, ಏನು ಮಾಡಿದೆ, ಎಲ್ಲಿ ಸಿಕ್ಕಿಕೊಂಡೆ. ಉತ್ತರ ಹೇಳಿಬಿಡಬೇಡಿ. ಅಂದಿನ ಹಾಗೆ ಪ್ರಶ್ನೆ ಕೇಳಿ, ನಾನು ತಡಕಾಡಿದರೂ ಪರವಾಗಿಲ್ಲ.

ಮೊದಲ ಸಲಕ್ಕೆ ವಿಷಯ ಸಿದ್ಧವಿದೆ. ಹಣ ಪಾವತಿಯ ನನ್ನ ಕೋಡ್ ರಿವ್ಯೂ ಮಾಡುವಾಗ "ಇದೇ ವಿನಂತಿ ಎರಡು ಸಲ ಬಂದರೆ?" ಎಂದು ಬರೆದಿದ್ದಿರಿ. ಪ್ರತಿ ವಿನಂತಿಗೂ ಒಂದು ಗುರುತಿನ ಸಂಖ್ಯೆ ಕೊಟ್ಟು, ಆ ಕಾಲಮ್ಮಿಗೆ UNIQUE ಹಾಕಿ ಸರಿಪಡಿಸಿದೆ, ನೀವೂ ಒಪ್ಪಿದಿರಿ. ಆದರೆ ಹಣ ಕಡಿತವಾಗಿ, ಉತ್ತರ ನಮಗೆ ತಲುಪುವ ಮೊದಲೇ ಸಂಪರ್ಕ ತಪ್ಪಿದರೆ ಏನು ಮಾಡಬೇಕು ಎಂಬುದು ನನಗಿನ್ನೂ ತಿಳಿದಿಲ್ಲ. ಅದು ರಾತ್ರಿ ಮಲಗಿದ ಮೇಲೂ ತಲೆಯಲ್ಲಿ ಸುತ್ತುತ್ತಿದೆ.

ಇನ್ನೊಂದು ಆಸೆಯೂ ಇದೆ. ದೊಡ್ಡ ತೊಂದರೆ ಬಂದು ನೀವು ಹುಡುಕಲು ಕುಳಿತಾಗ ಪಕ್ಕದಲ್ಲಿ ಸುಮ್ಮನೆ ಕುಳಿತು ನೋಡಲು ಬಿಡಿ. ಆ ಹೊತ್ತಿನಲ್ಲಿ ಮಾತನಾಡುವುದಿಲ್ಲ, ಕೇಳುವುದನ್ನು ಬರೆದಿಟ್ಟುಕೊಂಡು ಆಮೇಲೆ ಕೇಳುತ್ತೇನೆ.

ಬಡ್ತಿಗೋ ಶಿಫಾರಸಿಗೋ ಇದನ್ನು ಕೇಳುತ್ತಿಲ್ಲ. ನಮ್ಮ ಲೀಡ್‌ಗೆ ಮೊದಲೇ ಹೇಳಿದ್ದೇನೆ, ಅವರ ಅಭ್ಯಂತರವಿಲ್ಲ. ಬಿಡುಗಡೆಯ ಕೆಲಸ ನಿಮ್ಮ ತಲೆಯ ಮೇಲಿದೆ ಎಂಬುದೂ ಗೊತ್ತು. ಈಗ ಆಗದಿದ್ದರೆ ಆಗುವುದಿಲ್ಲ ಎಂದು ನೇರವಾಗಿ ಹೇಳಿ, ಖಂಡಿತ ಬೇಸರವಿಲ್ಲ. ಆಗ ಒಂದು ಉಪಕಾರ ಮಾತ್ರ ಮಾಡಿ: ನಮ್ಮ ಕೋಡಿನಲ್ಲಿ ಚೆನ್ನಾಗಿ ಬರೆದದ್ದು ಎಂದು ನಿಮಗೆ ಅನ್ನಿಸುವ ಒಂದು ಭಾಗ ಯಾವುದೆಂದು ತಿಳಿಸಿ, ಕುಳಿತು ಓದುತ್ತೇನೆ.

ಒಪ್ಪಿಗೆಯಾದರೆ ಗುರುವಾರ ಸಂಜೆ 4ರ ನಂತರ ನಾನು ಬಿಡುವಾಗಿದ್ದೇನೆ. ನಿಮಗೆ ಬೇರೆ ದಿನ ಅನುಕೂಲವಾದರೆ ಅದೇ ಆಗಲಿ, ನಾನು ಹೊಂದಿಸಿಕೊಳ್ಳುತ್ತೇನೆ.