ಕತ್ತಲೆ ತಂದವರಿಗೆ ಸ್ವಾಗತ: ಬಯಲು ಚಿತ್ರಪ್ರದರ್ಶನದ ಆರಂಭದ ಮಾತು

ಎಲ್ಲರಿಗೂ ನಮಸ್ಕಾರ.

ಚಾಪೆ, ದಿಂಬು, ಮಡಚುವ ಕುರ್ಚಿಗಳನ್ನು ಹೊತ್ತುಕೊಂಡು ನಾಲ್ಕೂ ಬ್ಲಾಕುಗಳಿಂದ ಇಳಿದು ಬಂದಿರುವ ನಿಮಗೆಲ್ಲ ನಿವಾಸಿಗಳ ಸಂಘದ ಪರವಾಗಿ ಪ್ರೀತಿಯ ಸ್ವಾಗತ. ಮೇಲೆ ಬಾಲ್ಕನಿಗಳಲ್ಲಿ ಕುಳಿತಿರುವ ಹಿರಿಯರೂ ನನಗೆ ಕಾಣುತ್ತಿದ್ದಾರೆ. ಮೆಟ್ಟಿಲಿಳಿದು ಬರಲಾಗದಿದ್ದರೂ ನೀವು ಈ ಸಭೆಯವರೇ. ನಿಮಗೂ ಅಷ್ಟೇ ಪ್ರೀತಿಯ ಸ್ವಾಗತ.

ಮುಂದಿನ ಸಾಲಿನ ಮಕ್ಕಳು ಆರೂವರೆಯಿಂದ ‘ಇನ್ನೂ ಎಷ್ಟು ಹೊತ್ತು’ ಎಂದು ಕೇಳುತ್ತಲೇ ಇದ್ದಾರೆ. ಇಷ್ಟು ಹೊತ್ತು ಕಾಯಿಸಿದ್ದೇಕೆ ಎಂಬುದನ್ನು ಮೊದಲು ಅವರಿಗೇ ಹೇಳುತ್ತೇನೆ. ಅಲ್ಲಿ ಮೇಜಿನ ಮೇಲಿರುವ ಪ್ರೊಜೆಕ್ಟರ್ ನೋಡಿ. ಅದು ಬೆಳಕನ್ನು ಚೆಲ್ಲಬಲ್ಲದು, ಕಪ್ಪನ್ನು ಚೆಲ್ಲಲಾರದು. ಪರದೆಯ ಮೇಲೆ ನಾವು ನೋಡುವ ಕಪ್ಪು ಕೂದಲು, ರಾತ್ರಿಯ ಆಕಾಶ, ಬಾಗಿಲ ಸಂದಿನ ನೆರಳು, ಇವೆಲ್ಲ ಪ್ರೊಜೆಕ್ಟರ್ ಬೆಳಕು ಹಾಯಿಸದೆ ಬಿಟ್ಟ ಜಾಗಗಳು. ಅಲ್ಲಿರುವುದು ಬರೀ ಬಿಳಿ ಬಟ್ಟೆ. ಆ ಬಿಳಿ ಬಟ್ಟೆ ನಮ್ಮ ಕಣ್ಣಿಗೆ ಕಪ್ಪಾಗಿ ಕಾಣಬೇಕಾದರೆ ಸುತ್ತಲೂ ಕತ್ತಲೆ ಇರಲೇಬೇಕು.

ನಿನ್ನೆ ಸಂಜೆ ಪರೀಕ್ಷೆಗೆಂದು ಸ್ವಲ್ಪ ಹೊತ್ತು ಚಿತ್ರ ಹಾಕಿದ್ದೆವು. ಸೂರ್ಯ ಮುಳುಗಿ ಹತ್ತು ನಿಮಿಷವಾಗಿತ್ತಷ್ಟೆ. ಪರದೆಯ ಮೇಲಿನ ಮುಖಗಳೆಲ್ಲ ಬೂದಿ ಬಳಿದಂತೆ ಕಂಡವು. ಇನ್ನರ್ಧ ಗಂಟೆ ಕಾದ ಮೇಲೆ ಬಣ್ಣ ಬಂತು. ಆದರೂ ಬಲಗಡೆಯ ಮೂಲೆ ಮಾತ್ರ ಹಾಲು ಚೆಲ್ಲಿದಂತೆ ಮಸುಕಾಗಿಯೇ ಉಳಿಯಿತು. ಎಲ್ಲಿಂದ ಬೆಳಕು ಎಂದು ಹುಡುಕುತ್ತ ಹೋದರೆ, ಸಿ ಬ್ಲಾಕಿನ ಎರಡನೇ ಮಹಡಿಯಲ್ಲಿ ಯಾರೋ ಮರೆತು ಬಿಟ್ಟಿದ್ದ ಒಂದೇ ಒಂದು ಟ್ಯೂಬ್‌ಲೈಟ್. ಅದನ್ನು ಆರಿಸಿದ್ದೇ ತಡ, ಆ ಮೂಲೆಯಲ್ಲಿ ಒಂದು ಮರ ಮೂಡಿತು. ಅದರ ಕೆಳಗೆ ನಿಂತಿದ್ದ ಹೆಂಗಸೊಬ್ಬಳು ಮೂಡಿದಳು. ಅಷ್ಟು ಹೊತ್ತೂ ಅವಳು ಅಲ್ಲಿಯೇ ಇದ್ದಳು, ನಮಗೆ ಕಂಡಿರಲಿಲ್ಲ. ಪರದೆಯ ಮುಂದೆ ನಿಂತಿದ್ದ ನಾವು ಏಳು ಜನ ಒಟ್ಟಿಗೇ ‘ಓ’ ಎಂದೆವು.

ಆದ್ದರಿಂದ ಇಂದು ನಿಮ್ಮಿಂದ ಕೇಳುವುದು ಹಣವನ್ನಲ್ಲ, ಕತ್ತಲೆಯನ್ನು. ಈ ಆವರಣದಲ್ಲಿ 144 ಮನೆಗಳಿವೆ. ಇಲ್ಲಿಗೆ ಬರುವಾಗ ಬಹಳ ಮಂದಿ ದೀಪ ಆರಿಸಿಯೇ ಬಂದಿದ್ದೀರಿ. ಇನ್ನೂ ಉರಿಯುತ್ತಿರುವ ಕಿಟಕಿಗಳು ಅಲ್ಲಲ್ಲಿ ಕಾಣುತ್ತಿವೆ. ಮನೆಯಲ್ಲಿ ಕೆಲಸವಿರುವವರು ಖಂಡಿತ ದೀಪ ಹಾಕಿಕೊಳ್ಳಿ, ಪರದೆ ಎಳೆದುಕೊಂಡರೆ ಸಾಕು.

ಸಿನಿಮಾ ಎಂಬುದು ಹುಟ್ಟಿದ್ದೇ ಇಂಥ ಒಂದು ಕತ್ತಲೆಯಲ್ಲಿ. 1895ರ ಡಿಸೆಂಬರ್ 28ರಂದು ಪ್ಯಾರಿಸ್ಸಿನ ಗ್ರಾಂಡ್ ಕೆಫೆಯ ನೆಲಮಾಳಿಗೆಯಲ್ಲಿ ಲೂಮಿಯೇರ್ ಸಹೋದರರು ಟಿಕೆಟ್ ಇಟ್ಟು ಹತ್ತು ಪುಟ್ಟ ಚಿತ್ರಗಳನ್ನು ತೋರಿಸಿದರು. ಒಂದೊಂದೂ ಒಂದು ನಿಮಿಷದಷ್ಟೂ ಇರಲಿಲ್ಲ. ಚಲಿಸುವ ಚಿತ್ರಗಳು ಅದಕ್ಕೂ ಮೊದಲೇ ಇದ್ದವು. ಎಡಿಸನ್ನನ ಕಿನೆಟೋಸ್ಕೋಪ್ ಎಂಬ ಪೆಟ್ಟಿಗೆಗೆ ಬಗ್ಗಿ, ಕಿಂಡಿಗೆ ಕಣ್ಣಿಟ್ಟು ಒಬ್ಬೊಬ್ಬರೇ ನೋಡಬೇಕಾಗಿತ್ತು. ಲೂಮಿಯೇರ್ ಸಹೋದರರು ಆ ಚಿತ್ರವನ್ನು ಗೋಡೆಯ ಮೇಲೆ ದೊಡ್ಡದಾಗಿ ಹರಡಿದರು. ಒಬ್ಬರು ನಕ್ಕರೆ ಪಕ್ಕದವರಿಗೆ ಕೇಳಿಸುವಂತಾಯಿತು. ನಾನು ಈ ಕಾರ್ಯಕ್ರಮಕ್ಕಾಗಿ ಹಟ ಹಿಡಿದದ್ದು ಆ ಕಾರಣಕ್ಕೇ. ಮನೆಮನೆಯಲ್ಲೂ ಟಿವಿ ಇದೆ, ಕೈಕೈಯಲ್ಲೂ ಮೊಬೈಲ್ ಇದೆ. ಆದರೆ ನಾವು ಹೆಚ್ಚಿನವರು ನೆರೆಯವರ ನಗುವನ್ನು ಲಿಫ್ಟಿನಲ್ಲಿ ಕಂಡಿದ್ದೇವೆಯೇ ಹೊರತು ಗಟ್ಟಿಯಾಗಿ ಕೇಳಿಲ್ಲ.

ರೀಲಿನ ಕಾಲದ ಇನ್ನೊಂದು ಸಂಗತಿ ನನಗೆ ಬಹಳ ಇಷ್ಟ. ಆಗ ಸೆಕೆಂಡಿಗೆ 24 ಚಿತ್ರಗಳು ಪರದೆಯ ಮೇಲೆ ಬೀಳುತ್ತಿದ್ದವು. ಒಂದು ಚಿತ್ರ ಸರಿದು ಇನ್ನೊಂದು ಬರುವಾಗ ಶಟರ್ ಬೆಳಕಿಗೆ ಅಡ್ಡ ನಿಲ್ಲುತ್ತಿತ್ತು. ಆ ಕ್ಷಣ ಪರದೆಯ ಮೇಲೆ ಏನೂ ಇರುತ್ತಿರಲಿಲ್ಲ. ಎರಡು ಗಂಟೆ ಸಿನಿಮಾ ನೋಡಿದವರು ಅದರಲ್ಲಿ ದೊಡ್ಡ ಪಾಲನ್ನು ತಮಗೇ ತಿಳಿಯದಂತೆ ಕತ್ತಲೆಯನ್ನು ನೋಡುತ್ತ ಕಳೆದಿರುತ್ತಿದ್ದರು.

ಇನ್ನು ಕೆಲವು ಸೂಚನೆಗಳು. ಪರದೆ 16 ಅಡಿ ಅಗಲವಿದೆ. ಗಾಳಿ ಬೀಸಿದರೆ ದೋಣಿಯ ಹಾಯಿಯಂತೆ ಉಬ್ಬುತ್ತದೆ. ಅದಕ್ಕಾಗಿ ಎರಡೂ ಬದಿ ಹಗ್ಗ ಬಿಗಿದು, ಬುಡದಲ್ಲಿ ಮರಳಿನ ಚೀಲ ಇಟ್ಟಿದ್ದೇವೆ. ಮಕ್ಕಳೇ, ಆ ಹಗ್ಗಗಳು ಕತ್ತಲೆಯಲ್ಲಿ ಕಾಣುವುದಿಲ್ಲ, ಆ ಕಡೆ ಓಡಬೇಡಿ. ಬಟ್ಟೆ ತೆಳುವಾಗಿರುವುದರಿಂದ ಹಿಂದುಗಡೆಯೂ ಚಿತ್ರ ಕಾಣುತ್ತದೆ. ಆದರೆ ಎಡ ಬಲವಾಗಿ, ಅಕ್ಷರಗಳೆಲ್ಲ ತಿರುವುಮುರುವಾಗಿ ಕಾಣುತ್ತವೆ. ಡಿ ಬ್ಲಾಕಿನ ನೆಲಮಹಡಿಯವರು ಮನೆಯ ಕಿಟಕಿಯಿಂದಲೇ ನೋಡೋಣ ಎಂದುಕೊಂಡಿದ್ದರೆ ದಯವಿಟ್ಟು ಈ ಕಡೆಗೆ ಬನ್ನಿ, ಎಡಗಡೆ ಜಾಗ ಕಾದಿರಿಸಿದ್ದೇವೆ.

ಸ್ಪೀಕರ್‌ಗಳು ಪರದೆಯ ಪಕ್ಕದಲ್ಲಿವೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ ಸಾಗುತ್ತದೆ. ಹಾಗಾಗಿ 34 ಮೀಟರ್ ದೂರದ ಕೊನೆಯ ಸಾಲಿಗೆ ಮಾತು ತಲುಪುವಾಗ ತುಟಿ ಅಲುಗಿ ಸೆಕೆಂಡಿನ ಹತ್ತನೇ ಒಂದು ಭಾಗವಾಗಿರುತ್ತದೆ. ಹೊಂದುತ್ತಿಲ್ಲ ಎನಿಸಿದವರು ನಾಲ್ಕು ಹೆಜ್ಜೆ ಮುಂದೆ ಬನ್ನಿ. ಎಳೆಯ ಮಕ್ಕಳಿರುವ ಮನೆಯವರು, ಪರೀಕ್ಷೆಗೆ ಓದುತ್ತಿರುವವರು ನಮ್ಮ ಮಾತಿಗೆ ಒಪ್ಪಿ ಸಹಕರಿಸಿದ್ದಾರೆ. ಅವರಿಗೆ ಕೊಟ್ಟ ಮಾತಿನಂತೆ ಒಂಬತ್ತೂವರೆಗೆ ಮೊದಲೇ ಮುಗಿಸುತ್ತೇವೆ. ನಡುವೆ ಹತ್ತು ನಿಮಿಷ ವಿರಾಮವಿದೆ. ಮೆಟ್ಟಿಲು ಮತ್ತು ಇಳಿಜಾರಿನ ದಾರಿಯ ಸಣ್ಣ ದೀಪಗಳನ್ನು ಆರಿಸುವುದಿಲ್ಲ. ಆ ದಾರಿಯಲ್ಲಿ ಯಾರೂ ಚಾಪೆ ಹಾಸಬೇಡಿ.

ಈ ಚಿತ್ರವನ್ನು ಹೀಗೆ ಎಲ್ಲರೆದುರು ತೋರಿಸಲು ಅದರ ಹಕ್ಕುದಾರರಿಂದ ಲಿಖಿತ ಅನುಮತಿ ಪಡೆದಿದ್ದೇವೆ. ಯಾರೂ ಮೊಬೈಲಿನಲ್ಲಿ ಚಿತ್ರೀಕರಿಸಬೇಡಿ. ಚಿತ್ರದ ಹೆಸರನ್ನು ಸೂಚನಾ ಫಲಕದಲ್ಲಿ ನೋಡಿದ್ದೀರಿ, ಕಥೆಯನ್ನು ನಾನು ಹೇಳುವುದಿಲ್ಲ.

ಬೆಳಿಗ್ಗೆಯಿಂದ ಕಂಬ ನೆಟ್ಟು ತಂತಿ ಎಳೆದ ಎಲೆಕ್ಟ್ರಿಷಿಯನ್‌ಗೆ, ಪರದೆ ಹೊಲಿದ ಎ ಬ್ಲಾಕಿನ ತಾಯಂದಿರಿಬ್ಬರಿಗೆ, ಮರಳಿನ ಚೀಲ ಹೊತ್ತ ಹುಡುಗರಿಗೆ ನಮ್ಮೆಲ್ಲರ ಕೃತಜ್ಞತೆಗಳು. ಗೇಟಿನಲ್ಲಿರುವ ಇಬ್ಬರು ಕಾವಲುಗಾರರು ನಿನ್ನೆ ಪರೀಕ್ಷೆಯ ವೇಳೆ ದೂರದಿಂದಲೇ ಕತ್ತು ಚಾಚಿ ನೋಡುತ್ತಿದ್ದರು. ಇಂದು ಅವರು ಇಲ್ಲಿ ಬಂದು ಕುಳಿತು ನೋಡಬೇಕು. ವಿರಾಮದವರೆಗೆ ಒಬ್ಬರು, ಆಮೇಲೆ ಇನ್ನೊಬ್ಬರು. ಅವರ ಬದಲಿಗೆ ಗೇಟಿನಲ್ಲಿ ನಿಲ್ಲಲು ಸಂಘದ ಇಬ್ಬರು ಸದಸ್ಯರು ತಾವಾಗಿಯೇ ಮುಂದೆ ಬಂದಿದ್ದಾರೆ. ಮೂರನೇ ಸಾಲಿನ ಕೊನೆಯ ಕುರ್ಚಿ ಕಾವಲುಗಾರರದು, ಬೇರೆ ಯಾರೂ ಕೂರಬೇಡಿ.

ಈಗ ಪ್ರತಿ ಬ್ಲಾಕಿನ ಸ್ವಿಚ್ ಬೋರ್ಡಿನ ಬಳಿ ಒಬ್ಬೊಬ್ಬರು ನಿಂತಿದ್ದಾರೆ. ನಾನು ಹೆಸರು ಹೇಳಿದಂತೆ ದೀಪ ಆರಿಸಿ. ಮಕ್ಕಳೇ, ಪರದೆಯನ್ನೇ ನೋಡುತ್ತಿರಿ, ಅದು ಹೇಗೆ ಬದಲಾಗುತ್ತದೆ ಎಂದು.

ಎ ಬ್ಲಾಕ್. ಬಿ ಬ್ಲಾಕ್. ಡಿ ಬ್ಲಾಕ್.

ಸಿ ಬ್ಲಾಕ್, ಎರಡನೇ ಮಹಡಿಯದೂ ಸೇರಿ.

ಚಿತ್ರ ಹಾಕಿ.